ದೊಡ್ಡ ಫ್ರಿಜ್, ವಾರ್ಡ್‌ರೋಬ್ ತರಿಸುವ ಮೊದಲು ದಾರಿ ಅಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಿಜ್ ಇಡುವ ಮೂಲೆಯನ್ನು ಎಲ್ಲರೂ ಅಳೆಯುತ್ತಾರೆ. ಅದು ಆ ಮೂಲೆಯವರೆಗೆ ಬರುವ ದಾರಿಯನ್ನು ಅಳೆಯುವವರು ಕಡಿಮೆ. ಗಾಡಿ ಗೇಟಿನ ಮುಂದೆ ನಿಂತ ಮೇಲೆ ಲಿಫ್ಟಿನ ಬಾಗಿಲು ಸಾಲದು ಎಂದು ಗೊತ್ತಾದರೆ ಹಣ, ರಜೆ, ಹೊತ್ತು ತಂದವರ ಶ್ರಮ ಎಲ್ಲವೂ ಹಾಳು. ಫ್ಲಾಟ್‌ಗಳಲ್ಲಿ, ಬಾಡಿಗೆ ಮನೆಗಳಲ್ಲಿ ಇರುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಮತ್ತು ಉತ್ತರಗಳು ಇಲ್ಲಿವೆ. ಮನೆಯ ಅಳತೆ ಅಡಿ-ಇಂಚಿನಲ್ಲಿ, ಫ್ರಿಜ್ಜಿನ ಅಳತೆ ಸೆಂಟಿಮೀಟರಿನಲ್ಲಿ ಇರುವುದೇ ಅರ್ಧ ಗೊಂದಲಕ್ಕೆ ಕಾರಣ. ಹಾಗಾಗಿ ಎಲ್ಲವನ್ನೂ ಸೆಂಟಿಮೀಟರಿನಲ್ಲೇ ಬರೆದುಕೊಳ್ಳಿ. ಸ್ಟೀಲ್ ಟೇಪಿನ ಒಂದು ಅಂಚಿನಲ್ಲಿ ಅದು ಇದ್ದೇ ಇರುತ್ತದೆ.

## ಎಲ್ಲಿಂದ ಅಳೆಯಲು ಶುರು ಮಾಡಬೇಕು?

ವಸ್ತು ಕೊನೆಗೆ ನಿಲ್ಲುವ ಜಾಗದಿಂದ ಶುರು ಮಾಡಿ ಹಿಂದಕ್ಕೆ ನಡೆಯಿರಿ. ಅಡುಗೆಮನೆ ಬಾಗಿಲು, ಊಟದ ಜಾಗ, ಹಾಲ್, ಮುಂಬಾಗಿಲು, ಹೊರಗಿನ ಪ್ಯಾಸೇಜ್, ಲಿಫ್ಟ್ ಅಥವಾ ಮೆಟ್ಟಿಲು, ಕೆಳಗಿನ ಗೇಟ್, ಗಾಡಿ ನಿಲ್ಲುವ ಜಾಗ. ಹೊರಗಿನಿಂದ ಒಳಗೆ ಅಳೆಯುತ್ತಾ ಬಂದರೆ ಮುಂಬಾಗಿಲು ದಾಟಿದ ಕೂಡಲೇ ಕೆಲಸ ಮುಗಿಯಿತು ಅನಿಸಿಬಿಡುತ್ತದೆ. ವಸ್ತು ಸಿಕ್ಕಿಕೊಳ್ಳುವುದು ಬಹಳ ಸಲ ಒಳಗಿನ ಸಣ್ಣ ಬಾಗಿಲಿನಲ್ಲಿ ಅಥವಾ ಅದರ ಮುಂದಿನ ತಿರುವಿನಲ್ಲಿ.

ಪ್ರತಿ ಬಾಗಿಲಿನ ಅಗಲವನ್ನು ಮೂರು ಕಡೆ ಅಳೆಯಿರಿ: ನೆಲದ ಹತ್ತಿರ, ಸೊಂಟದ ಮಟ್ಟದಲ್ಲಿ, ತಲೆಯ ಮಟ್ಟದಲ್ಲಿ. ಚೌಕಟ್ಟುಗಳು ಕಣ್ಣಿಗೆ ನೇರ ಕಂಡರೂ ಒಂದು ಸೆಂಟಿಮೀಟರ್ ವ್ಯತ್ಯಾಸ ಇರುವುದು ಮಾಮೂಲು. ಮೂರರಲ್ಲಿ ಕಡಿಮೆ ಬಂದದ್ದನ್ನೇ ಬರೆದುಕೊಳ್ಳಿ.

## ನಮ್ಮದು ಮೂರಡಿ ಬಾಗಿಲು. 90 ಸೆಂ.ಮೀ. ಅಗಲದ ಫ್ರಿಜ್ ಬರಲೇಬೇಕಲ್ಲ?

ಆ 90ರ ಬದಿಯನ್ನು ಅಡ್ಡ ಮಾಡಿಕೊಂಡು ಬರುವುದಿಲ್ಲ. ಮೇಸ್ತ್ರಿ, ಬಡಗಿಗಳು ಮೂರಡಿ ಬಾಗಿಲು ಎನ್ನುವಾಗ ಸಾಮಾನ್ಯವಾಗಿ ಚೌಕಟ್ಟಿನ ಹೊರ ಅಳತೆಯನ್ನು ಹೇಳುತ್ತಿರುತ್ತಾರೆ. ಮೂರಡಿ ಎಂದರೆ 91 ಸೆಂ.ಮೀ. ಅದರಲ್ಲಿ ಎರಡೂ ಬದಿಯ ಮರ ಎರಡೂವರೆ ಇಂಚಿನಂತೆ ಐದು ಇಂಚು ತಿನ್ನುತ್ತದೆ. ಉಳಿಯುವುದು 31 ಇಂಚು, ಅಂದರೆ ಸುಮಾರು 79 ಸೆಂ.ಮೀ.

ಅದೂ ಪೂರ್ತಿ ಸಿಗುವುದಿಲ್ಲ. ಕದವನ್ನು ತೆರೆದು ನಿಲ್ಲಿಸಿದಾಗ ಅದರ ದಪ್ಪದ ಸ್ವಲ್ಪ ಭಾಗ ದಾರಿಯೊಳಗೆ ಚಾಚಿಕೊಂಡಿರುತ್ತದೆ. ಪಕ್ಕದಲ್ಲಿ ಗೋಡೆ ಅಥವಾ ಬೀರು ಇದ್ದು ಕದ 90 ಡಿಗ್ರಿಗಿಂತ ಹಿಂದೆ ಸರಿಯದಿದ್ದರೆ ಎರಡರಿಂದ ಮೂರು ಸೆಂಟಿಮೀಟರ್ ಹೋಯಿತೆಂದೇ ಲೆಕ್ಕ. ಹಿಡಿಕೆ, ಚಿಲಕ ಅದಕ್ಕೂ ಮುಂದೆ ಬರುತ್ತವೆ. ಕೊನೆಗೆ ಮೂರಡಿ ಬಾಗಿಲಿನಲ್ಲಿ ವಸ್ತು ನುಸುಳಲು ಸಿಗುವುದು 76 ಸೆಂ.ಮೀ. ಆಸುಪಾಸು.

ಆದ್ದರಿಂದ ಟೇಪನ್ನು ಹಿಡಿಯಬೇಕಾದ್ದು ಚೌಕಟ್ಟಿನ ಮರದಿಂದ ಮರಕ್ಕಲ್ಲ. ಕದವನ್ನು ಎಷ್ಟು ಸಾಧ್ಯವೋ ಅಷ್ಟು ತೆರೆದು, ಆ ಕದದ ಮುಖದಿಂದ ಎದುರಿನ ಮರದವರೆಗೆ ಹಿಡಿಯಬೇಕು. ಎರಡು ಸೆಂಟಿಮೀಟರ್ ಕೊರತೆ ಬಿದ್ದರೆ ಹಿಂಜ್‌ನ ಸ್ಕ್ರೂ ಬಿಚ್ಚಿ ಕದವನ್ನು ತೆಗೆದಿಡಬಹುದು. ಬಡಗಿಗೆ ಅದು ಸಣ್ಣ ಕೆಲಸ, ಆದರೆ ಅವರು ಡೆಲಿವರಿಯ ಹೊತ್ತಿಗೆ ಮನೆಯಲ್ಲಿರಬೇಕು. ಮುಂಬಾಗಿಲಿಗೆ ಹೊರಗೊಂದು ಕಬ್ಬಿಣದ ಗ್ರಿಲ್ ಬಾಗಿಲು ಇದ್ದರೆ ಅದನ್ನು ಬೇರೆಯಾಗಿಯೇ ಅಳೆಯಿರಿ. ಅದರ ಚೌಕಟ್ಟು ಒಳಬಾಗಿಲಿಗಿಂತ ಕಿರಿದಾಗಿರುವುದುಂಟು, ಬೆಸುಗೆ ಹಾಕಿ ಕೂರಿಸಿದ್ದರೆ ಬಿಚ್ಚಲೂ ಆಗುವುದಿಲ್ಲ.

ಎತ್ತರವನ್ನು ಹೊಸ್ತಿಲಿನ ಮೇಲಿನಿಂದ ಅಳೆಯಿರಿ, ನೆಲದಿಂದಲ್ಲ. ಏಳಡಿ ಬಾಗಿಲಿನಲ್ಲಿ ಮೇಲಿನ ಮರ ಮತ್ತು ಹೊಸ್ತಿಲು ಕಳೆದರೆ 200 ಸೆಂ.ಮೀ. ಚಿಲ್ಲರೆ ಉಳಿಯುತ್ತದೆ. ಮಲೆನಾಡು, ಕರಾವಳಿಯ ಹಳೆಯ ಮನೆಗಳಲ್ಲಿ ತಲೆ ಬಾಗಿ ಒಳಗೆ ಹೋಗುವಂಥ ಬಾಗಿಲುಗಳಿರುತ್ತವೆ. ಅಲ್ಲಿ ಅಗಲಕ್ಕಿಂತ ಎತ್ತರವೇ ಮೊದಲ ತಡೆ.

## ವೆಬ್‌ಸೈಟಿನಲ್ಲಿ ಕೊಟ್ಟ ಅಳತೆಗಳಲ್ಲಿ ಯಾವುದನ್ನು ನಂಬಬೇಕು?

ನಿಮಗೆ ಬೇಕಾದದ್ದು ಎರಡು ಗುಂಪಿನ ಅಳತೆ: ವಸ್ತುವಿನದ್ದು ಮತ್ತು ಪ್ಯಾಕಿಂಗ್ ಸಮೇತದ್ದು. ದೊಡ್ಡ ಫ್ರಿಜ್ಜಿನ ಕಾರ್ಟನ್, ಥರ್ಮೋಕೋಲ್ ಸೇರಿದರೆ ಅಗಲಕ್ಕೂ ಆಳಕ್ಕೂ ಒಟ್ಟು ಐದಾರು ಸೆಂಟಿಮೀಟರ್, ಎತ್ತರಕ್ಕೆ ಹತ್ತರ ಹತ್ತಿರ ಹೆಚ್ಚುತ್ತದೆ.

ಅಗಲ, ಆಳ, ಎತ್ತರಗಳನ್ನು ಎಲ್ಲರೂ ಒಂದೇ ಕ್ರಮದಲ್ಲಿ ಬರೆಯುವುದಿಲ್ಲ. ಮೂರು ಸಂಖ್ಯೆ ಕಂಡ ಕೂಡಲೇ ಮೊದಲನೆಯದು ಅಗಲ ಎಂದುಕೊಳ್ಳಬೇಡಿ. ಚಿತ್ರದಲ್ಲಿ ಗೆರೆ ಎಳೆದು ತೋರಿಸಿದ್ದರೆ ಅದನ್ನೇ ನೋಡಿ. ಆಳದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಫ್ರಿಜ್ಜಿನ ಆಳ ಮೂರು ಬಗೆಯಲ್ಲಿ ಬರುತ್ತದೆ: ಹಿಡಿಕೆ ಸೇರಿ, ಹಿಡಿಕೆ ಬಿಟ್ಟು, ಬಾಗಿಲೇ ಇಲ್ಲದೆ. ಕಂಪನಿಯ ಸ್ಥಾಪನಾ ಕೈಪಿಡಿಯ ಪಿಡಿಎಫ್‌ನಲ್ಲಿ ಮೂರೂ ಇರುವುದುಂಟು, ಮಾರಾಟದ ಪುಟದಲ್ಲಿ ಹೆಚ್ಚಾಗಿ ಒಂದೇ ಇರುತ್ತದೆ. ಆರ್ಡರ್ ಮಾಡುವ ಮುನ್ನ ಆ ಕೈಪಿಡಿಯನ್ನು ತೆರೆದು ನೋಡಿ.

## ಬಾಗಿಲು ಸಾಕಷ್ಟು ಅಗಲವಿದೆ. ಆದರೂ ಸಿಕ್ಕಿಕೊಂಡಿತು ಎನ್ನುತ್ತಾರೆ. ಹೇಗೆ?

ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ಓದುವುದಾದರೆ ಇದನ್ನೇ ಓದಿ.

ನಿಂತಿರುವ ಫ್ರಿಜ್ಜನ್ನು ಮೇಲಿನಿಂದ ನೋಡಿದರೆ ಒಂದು ಆಯತ. ಉದ್ದ ಬದಿ 91, ಕಿರಿ ಬದಿ 74 ಎಂದಿಟ್ಟುಕೊಳ್ಳಿ. 76 ಸೆಂ.ಮೀ. ಬಾಗಿಲಿನಲ್ಲಿ ಅದು ಕಿರಿ ಬದಿಯನ್ನು ಅಡ್ಡ ಮಾಡಿಕೊಂಡು ನುಸುಳಬೇಕು. ಆಗ 91ರ ಬದಿ ಬಾಗಿಲಿನ ಕಡೆಗೆ ನೇರವಾಗಿ ಚಾಚಿರುತ್ತದೆ. ಬಾಗಿಲು ಪ್ಯಾಸೇಜಿನ ತುದಿಯಲ್ಲಿದ್ದರೆ ತೊಂದರೆ ಇಲ್ಲ, ನೇರ ತಳ್ಳಿದರೆ ಆಯಿತು. ಆದರೆ ಬಾಗಿಲು ಪ್ಯಾಸೇಜಿನ ಪಕ್ಕದ ಗೋಡೆಯಲ್ಲಿದ್ದರೆ, ಬಾಗಿಲಿನ ಎದುರು ಗೋಡೆಯವರೆಗೆ ಕನಿಷ್ಠ 91 ಸೆಂ.ಮೀ. ಜಾಗ ಬೇಕು. ಮೂರಡಿ ಪ್ಯಾಸೇಜಿನಲ್ಲಿ ಇರುವುದೇ 91. ಅಂದರೆ ಫ್ರಿಜ್ ಬಾಗಿಲಿಗೆ ಹಿಡಿಸುತ್ತದೆ, ಪ್ಯಾಸೇಜಿಗೂ ಹಿಡಿಸುತ್ತದೆ, ಆದರೆ ಒಂದರಿಂದ ಇನ್ನೊಂದಕ್ಕೆ ತಿರುಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಓರೆ ಮಾಡಿ ನುಗ್ಗಿಸೋಣ ಎಂದರೆ, ಆಯತದ ಮೂಲೆಯಿಂದ ಮೂಲೆಗೆ ಇರುವ ಅಳತೆ ಅಡ್ಡ ಬರುತ್ತದೆ. 91 ಮತ್ತು 74ಕ್ಕೆ ಅದು 117 ಸೆಂ.ಮೀ.

ಬಾಗಿಲು ದಾಟಿದ ಮೇಲೂ ಇದೇ ಲೆಕ್ಕ. ಒಳಗೆ ಎದುರಿಗೆ ಅಡುಗೆ ಕಟ್ಟೆಯೋ ಮಂಚವೋ ಇದ್ದರೆ, ಬಾಗಿಲಿನಿಂದ ಅದರವರೆಗಿನ ಅಂತರ ಉದ್ದ ಬದಿಗಿಂತ ಹೆಚ್ಚಿರಬೇಕು. ಇಲ್ಲದಿದ್ದರೆ ವಸ್ತುವಿನ ಮುಕ್ಕಾಲು ಭಾಗ ಒಳಗೆ, ಕಾಲು ಭಾಗ ಚೌಕಟ್ಟಿನಲ್ಲಿ ನಿಲ್ಲುತ್ತದೆ.

ಹಾಗಾಗಿ ಪ್ರತಿ ಬಾಗಿಲಿಗೂ ಮೂರು ಅಂಕೆ ಬರೆದುಕೊಳ್ಳಿ: ತೆರೆದ ದಾರಿಯ ಅಗಲ, ಈಚೆ ಬದಿಯ ಜಾಗ, ಆಚೆ ಬದಿಯ ಜಾಗ. ಲೆಕ್ಕ ಬೇಡವೆನಿಸಿದರೆ, ವಸ್ತುವಿನ ತಳದಷ್ಟೇ ಅಗಲ-ಆಳದ ಒಂದು ರಟ್ಟನ್ನು ಹಳೆಯ ಕಾರ್ಟನ್ನಿನಿಂದ ಕತ್ತರಿಸಿ, ನೆಲದ ಮೇಲಿಟ್ಟು ತಳ್ಳುತ್ತಾ ದಾರಿಯುದ್ದಕ್ಕೂ ಹೋಗಿ. ಬಾಗಿಸಬಾರದು, ಮಡಚಬಾರದು. ರಟ್ಟು ನಿಂತ ಕಡೆ ಫ್ರಿಜ್ಜೂ ನಿಲ್ಲುತ್ತದೆ.

## ಲಿಫ್ಟಿನಲ್ಲಿ ಏನೇನು ಅಳೆಯಬೇಕು?

ಬಾಗಿಲಿನ ಅಗಲ, ಬಾಗಿಲಿನ ಎತ್ತರ, ಒಳಗಿನ ಅಗಲ, ಒಳಗಿನ ಆಳ, ಒಳಗಿನ ಎತ್ತರ. ಲಿಫ್ಟಿನ ಒಳಗೆ ನಿಂತು ನೋಡಿದರೆ ಜಾಗ ಬೇಕಾದಷ್ಟಿದೆ ಅನಿಸುತ್ತದೆ, ಆದರೆ ಬಾಗಿಲು ಒಳಗಿಗಿಂತ ಬಹಳ ಕಿರಿದು. ಭಾರತೀಯ ಮಾನಕದ ಪ್ರಕಾರ ಆರು ಜನರ ಲಿಫ್ಟಿನ ಒಳಗು ಸುಮಾರು 110 ಸೆಂ.ಮೀ. ಅಗಲ, 100 ಸೆಂ.ಮೀ. ಆಳ. ಎಂಟು ಜನರದ್ದು 130 ಅಗಲ, 110 ಆಳ. ಬಾಗಿಲು ಮಾತ್ರ 70ರಿಂದ 80 ಸೆಂ.ಮೀ., ಎತ್ತರ ಸಾಮಾನ್ಯವಾಗಿ 200. ನಿಮ್ಮ ಲಿಫ್ಟ್ ಹೀಗೇ ಇರಬೇಕೆಂದಿಲ್ಲ, ಟೇಪು ಹಿಡಿದೇ ನೋಡಬೇಕು.

ಒಳಗಿನ ಆಳ ಅಳೆಯುವಾಗ ಹಿಂಗೋಡೆಯಲ್ಲಿ ಕೈ ಹಿಡಿಯಲು ಇರುವ ಕಂಬಿಯನ್ನು ಮರೆಯಬೇಡಿ. ಅದು ಏಳೆಂಟು ಸೆಂಟಿಮೀಟರ್ ಮುಂದೆ ಬಂದಿರುತ್ತದೆ. ವಸ್ತುವಿನ ಬೆನ್ನು ಮೊದಲು ತಾಗುವುದು ಕಂಬಿಗೆ, ಗೋಡೆಗಲ್ಲ. ಎಳೆದು ಮುಚ್ಚುವ ಜಾಲರಿ ಬಾಗಿಲಿನ ಹಳೆಯ ಲಿಫ್ಟುಗಳಲ್ಲಿ, ಬಾಗಿಲು ಮಡಚಿಕೊಂಡು ಬದಿಯಲ್ಲಿ ಕೂರುವ ಜಾಗವನ್ನೂ ಕಳೆಯಬೇಕು.

ತೂಕದ ಬಗ್ಗೆ ಜನ ಅನಗತ್ಯವಾಗಿ ಹೆದರುತ್ತಾರೆ. ಒಬ್ಬರಿಗೆ 68 ಕೆ.ಜಿ. ಲೆಕ್ಕದಲ್ಲಿ ಆರು ಜನರ ಲಿಫ್ಟ್ 408 ಕೆ.ಜಿ. ಹೊರುತ್ತದೆ. ದೊಡ್ಡ ಫ್ರಿಜ್ ನೂರು ಕೆ.ಜಿ. ಆಸುಪಾಸು. ತಡೆ ಬರುವುದು ಜಾಗದ್ದೇ ಹೊರತು ಭಾರದ್ದಲ್ಲ. ಫ್ರಿಜ್ ಒಳಗಿದ್ದಾಗ ಜನಕ್ಕೆ ಜಾಗ ಇಲ್ಲದಿದ್ದರೆ ಒಬ್ಬರು ಬಟನ್ ಒತ್ತಿ ಹೊರಬಂದು, ಮೇಲೆ ಇನ್ನೊಬ್ಬರು ಕಾದಿದ್ದು ಇಳಿಸಿಕೊಳ್ಳುತ್ತಾರೆ.

ಅಪಾರ್ಟ್‌ಮೆಂಟ್ ಸಂಘದ ನಿಯಮವನ್ನೂ ಕೇಳಿಕೊಳ್ಳಿ. ಸಾಮಾನು ಸಾಗಿಸಲು ಸರ್ವಿಸ್ ಲಿಫ್ಟನ್ನೇ ಬಳಸಬೇಕು, ಇಂಥ ಹೊತ್ತಿನಲ್ಲೇ ಬಳಸಬೇಕು ಎಂದು ಇರುವ ಕಡೆ, ನಿಮಗೆ ಬೇಕಾದದ್ದು ಆ ಲಿಫ್ಟಿನ ಅಳತೆ.

## ಒಂದು ಫ್ರಿಜ್ಜಿನ ದಾರಿಯನ್ನು ಪೂರ್ತಿ ಲೆಕ್ಕ ಹಾಕಿ ತೋರಿಸಬಹುದೇ?

ಬೆಂಗಳೂರಿನ ಒಂದು ಹಳೆಯ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಮನೆ ಎಂದುಕೊಳ್ಳೋಣ. ಮನೆಯವರು ಬಯಸಿದ್ದು ಸೈಡ್ ಬೈ ಸೈಡ್ ಫ್ರಿಜ್. ಅಗಲ 91, ಎತ್ತರ 179, ಹಿಡಿಕೆ ಸೇರಿ ಆಳ 74, ಬಾಗಿಲುಗಳನ್ನು ತೆಗೆದರೆ ಆಳ 61. ಕಾರ್ಟನ್ ಸಮೇತ 97, 190, 79. ಇಡಬೇಕೆಂದಿರುವುದು ಅಡುಗೆಮನೆಯಲ್ಲಿ.

ಲಿಫ್ಟ್ ಆರು ಜನರದ್ದು. ಬಾಗಿಲು 80 ಅಗಲ, 200 ಎತ್ತರ. ಒಳಗಿನ ಆಳ 100, ಆದರೆ ಕಂಬಿಯಿಂದ ಬಾಗಿಲಿಗೆ ಅಳೆದರೆ 93. ಕಾರ್ಟನ್ ಸಮೇತ 79ರ ಬದಿ 80ರ ಬಾಗಿಲಿನಲ್ಲಿ ಹೇಗೋ ನುಸುಳಬಹುದು, ಆದರೆ 97ರ ಬದಿ 93ರಲ್ಲಿ ಕೂರುವುದಿಲ್ಲ, ಲಿಫ್ಟ್ ಬಾಗಿಲು ಮುಚ್ಚದು. ಆದ್ದರಿಂದ ಕಾರ್ಟನ್ನನ್ನು ಕೆಳಗೇ ಬಿಚ್ಚಬೇಕು. ಬಿಚ್ಚಿದರೆ 91 ಮತ್ತು 93: ಎರಡು ಸೆಂಟಿಮೀಟರ್ ಸಡಿಲ. ಆಗುತ್ತದೆ, ಆದರೆ ಟ್ರಾಲಿಯನ್ನು ಒಳಗೆ ಬಿಡಲು ಆಗದು. ಟ್ರಾಲಿಯಿಂದ ಇಳಿಸಿ ಫ್ರಿಜ್ಜನ್ನು ಅದರ ಚಕ್ರದ ಮೇಲೆ ತಳ್ಳಬೇಕು. ಡೆಲಿವರಿಯವರಿಗೆ ಇದನ್ನು ಮೊದಲೇ ಹೇಳಿದ್ದರೆ ಕೆಳಗೆ ನಿಂತು ವಾದ ಮಾಡುವ ಪ್ರಸಂಗವೇ ಬಾರದು.

ಮೇಲೆ ಲಿಫ್ಟಿನ ಮುಂದಿನ ಪ್ಯಾಸೇಜ್ 140. ಮುಂಬಾಗಿಲು ಮೂರೂವರೆ ಅಡಿಯದ್ದು, ತೆರೆದ ದಾರಿ 88. ಫ್ರಿಜ್ 74ರ ಬದಿಯನ್ನು ಅಡ್ಡ ಮಾಡಿ ಒಳಗೆ ಬರುತ್ತದೆ, ಇಲ್ಲಿ ತೊಡಕಿಲ್ಲ. ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡನ್ನು ಎತ್ತಿಟ್ಟರೆ ಸಾಕು.

ಇನ್ನು ಅಡುಗೆಮನೆ. ಕದವಿಲ್ಲದ ಬರೀ ಚೌಕಟ್ಟು, ಮರದಿಂದ ಮರಕ್ಕೆ 71. ಫ್ರಿಜ್ಜಿನ ಆಳ 74. ಬಾಗಿಲುಗಳನ್ನು ತೆಗೆಸಿದರೆ 61, ಆಗ ಆರಾಮವಾಗಿ ಹೋಗುತ್ತದೆ ಅನಿಸುತ್ತದೆ. ಇಲ್ಲಿಗೇ ಲೆಕ್ಕ ನಿಲ್ಲಿಸಿದ್ದರೆ ತಪ್ಪಾಗುತ್ತಿತ್ತು. ಚೌಕಟ್ಟಿನಿಂದ ಎದುರಿನ ಅಡುಗೆ ಕಟ್ಟೆಯ ಅಂಚಿಗೆ ಅಳೆದರೆ 85. ಉದ್ದ ಬದಿ 91. ಫ್ರಿಜ್ಜಿನ ಮೂತಿ ಕಟ್ಟೆಗೆ ತಾಗಿದಾಗ ಹಿಂಬದಿ ಆರು ಸೆಂಟಿಮೀಟರ್ ಇನ್ನೂ ಚೌಕಟ್ಟಿನೊಳಗೇ ಇರುತ್ತದೆ, ಪಕ್ಕಕ್ಕೆ ಸರಿಸಲು ಆಗುವುದಿಲ್ಲ. ಅಡುಗೆ ಕಟ್ಟೆ ಕಡಪ ಕಲ್ಲಿನದ್ದು, ಅದನ್ನು ಸರಿಸುವ ಮಾತಿಲ್ಲ.

ಉಳಿಯುವುದು ಎರಡು ದಾರಿ. ಒಂದೋ ಇದೇ ಫ್ರಿಜ್ಜನ್ನು ಊಟದ ಜಾಗದ ಗೋಡೆಗೆ ಇಡಬೇಕು. ಇಲ್ಲವೇ ಅಡುಗೆಮನೆಗೇ ಬೇಕೆಂದರೆ ಅಗಲ 66ರ ಒಳಗೆ, ಆಳ 70ರ ಒಳಗೆ ಇರುವ ಡಬಲ್ ಡೋರ್ ಮಾದರಿಗೆ ಇಳಿಯಬೇಕು. ನನ್ನನ್ನು ಕೇಳಿದರೆ ಎರಡನೆಯದೇ ವಾಸಿ ಎನ್ನುತ್ತೇನೆ. ಇಷ್ಟು ಬಿಗಿಯಾಗಿ ಒಳಗೆ ಬಂದ ವಸ್ತು ಮನೆ ಖಾಲಿ ಮಾಡುವ ದಿನ ಅದೇ ದಾರಿಯಲ್ಲಿ ಹೊರಗೂ ಹೋಗಬೇಕು.

## ಫ್ರಿಜ್ಜಿನ ಬಾಗಿಲು ಬಿಚ್ಚಿ ಒಳಗೆ ತರಬಹುದು ಎನ್ನುತ್ತಾರಲ್ಲ, ಯಾರು ಬಿಚ್ಚಿಕೊಡುತ್ತಾರೆ?

ಡೆಲಿವರಿಗೆ ಬರುವವರ ಕೆಲಸ ಅದಲ್ಲ. ಕಂಪನಿಯ ತಂತ್ರಜ್ಞರೇ ಬರಬೇಕು. ಹೊರಮುಖದಲ್ಲಿ ಡಿಸ್‌ಪ್ಲೇ ಇರುವ ಮಾದರಿಗಳಲ್ಲಿ ಹಿಂಜ್ ಮೂಲಕ ವೈರ್ ಹಾದಿರುತ್ತದೆ, ನೀರು ಕೊಡುವ ಮಾದರಿಗಳಲ್ಲಿ ತೆಳು ಕೊಳವೆಯೂ ಇರುತ್ತದೆ. ಗೊತ್ತಿಲ್ಲದವರು ಎಳೆದರೆ ವೈರ್ ಕಿತ್ತುಬರುತ್ತದೆ, ಮತ್ತೆ ಕೂರಿಸುವಾಗ ಬಾಗಿಲುಗಳು ಸಮ ಮಟ್ಟಕ್ಕೆ ಬರುವುದಿಲ್ಲ. ಆರ್ಡರ್ ಮಾಡುವ ಮುನ್ನವೇ ಕಂಪನಿಗೆ ಫೋನ್ ಮಾಡಿ, ನಿಮ್ಮ ಮಾದರಿಯ ಬಾಗಿಲು ತೆಗೆಯಬಹುದೇ, ಡೆಲಿವರಿ ದಿನವೇ ಬರುತ್ತಾರೆಯೇ, ದುಡ್ಡು ಎಷ್ಟು, ವಾರಂಟಿಗೆ ತೊಂದರೆ ಆಗದೇ ಎಂದು ಕೇಳಿ. ಒಪ್ಪಿಗೆ ಸಿಕ್ಕಿದರೆ ಮೆಸೇಜಿನಲ್ಲೋ ಮೇಲ್‌ನಲ್ಲೋ ಬರೆಸಿಕೊಳ್ಳಿ.

## ಮಲಗಿಸಿ ತಂದರೆ ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ ಸುಲಭ ಅಲ್ಲವೇ?

ಫ್ರಿಜ್ಜನ್ನು ಮಲಗಿಸುವ ಲೆಕ್ಕವನ್ನು ಹಾಕಿಕೊಳ್ಳಲೇಬೇಡಿ. ಕಂಪ್ರೆಸರಿನೊಳಗಿನ ಎಣ್ಣೆ ಹರಿದು ಗ್ಯಾಸಿನ ಕೊಳವೆಗೆ ಸೇರುತ್ತದೆ. ಮೆಟ್ಟಿಲಿನಲ್ಲಿ ಸ್ವಲ್ಪ ಹೊತ್ತು ಓರೆಯಾಗುವುದು ತಪ್ಪದು, ಅದಕ್ಕೆ ತೊಂದರೆ ಇಲ್ಲ. ಹಾಗೆ ಓರೆಯಾಗಿದ್ದರೆ ನೆಟ್ಟಗೆ ನಿಲ್ಲಿಸಿ, ಕೈಪಿಡಿಯಲ್ಲಿ ಹೇಳಿದಷ್ಟು ಗಂಟೆ ಬಿಟ್ಟು ಆಮೇಲೆ ಪ್ಲಗ್ ಹಾಕಿ. ದಾರಿಯ ಲೆಕ್ಕ ಮಾತ್ರ ನಿಂತ ಫ್ರಿಜ್ಜಿನದ್ದೇ ಆಗಿರಲಿ.

## ವಾರ್ಡ್‌ರೋಬ್ ಬಿಡಿಬಿಡಿಯಾಗಿ ಬರುತ್ತದಲ್ಲ, ಅದಕ್ಕೂ ಇಷ್ಟೆಲ್ಲ ಬೇಕೇ?

ಮೊದಲು ಅದು ನಿಜವಾಗಿಯೂ ಬಿಡಿಯಾಗಿ ಬರುತ್ತದೆಯೇ ಎಂದು ಕೇಳಿ. ಪ್ಲೈವುಡ್, ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬ್‌ಗಳು ಹೆಚ್ಚಾಗಿ ಹಲಗೆಗಳಾಗಿ ಬಂದು ಮನೆಯಲ್ಲೇ ಜೋಡಣೆಯಾಗುತ್ತವೆ. ಗಟ್ಟಿ ಮರದವು, ಅಂಗಡಿಯಲ್ಲಿ ನೋಡಿ ಆರಿಸಿದ ಜೋಡಿಸಿಟ್ಟ ಪೀಸುಗಳು, ಸೆಕೆಂಡ್ ಹ್ಯಾಂಡ್ ಕೊಂಡವು ಇಡಿಯಾಗಿ ಬರಬಹುದು. ಸ್ಟೀಲ್ ಬೀರು ಅಂತೂ ಇಡೀ ಪೆಟ್ಟಿಗೆಯಾಗಿಯೇ ಬರುವುದು ರೂಢಿ: ದೊಡ್ಡದು ಆರೂವರೆ ಅಡಿ ಎತ್ತರ, ಮೂರಡಿ ಅಗಲ, 19 ಇಂಚು ಆಳ.

ಬಿಡಿಯಾಗಿ ಬಂದರೆ ಲೆಕ್ಕ ಹಾಕಬೇಕಾದದ್ದು ಅತಿ ಉದ್ದದ ಹಲಗೆಗೆ. ಏಳಡಿ ವಾರ್ಡ್‌ರೋಬಿನ ಪಕ್ಕದ ಹಲಗೆ ಪ್ಯಾಕಿಂಗ್ ಸೇರಿ 215 ಸೆಂ.ಮೀ. ಉದ್ದ, 60 ಚಿಲ್ಲರೆ ಅಗಲ ಇರುತ್ತದೆ. ಲಿಫ್ಟ್ ಬಾಗಿಲಿನ ಎತ್ತರ 200. ನೆಟ್ಟಗೆ ಹೋಗದು, ಆದರೆ ಓರೆಯಾಗಿ ಹೋಗಬಹುದು. ಹಲಗೆಯ ತಳವನ್ನು ಲಿಫ್ಟಿನ ಹಿಂಗೋಡೆಯ ಬುಡಕ್ಕೆ ತಾಗಿಸಿ, ಆಮೇಲೆ ತಲೆಯನ್ನು ಬಾಗಿಲಿನ ಮೇಲಂಚಿನ ಕೆಳಗೆ ಒಳಗೆ ತಳ್ಳುತ್ತಾರೆ. ಅದಕ್ಕೆ ಬೇಕಾದದ್ದು ಲಿಫ್ಟಿನ ಆಳ ಮತ್ತು ಬಾಗಿಲಿನ ಎತ್ತರದ ನಡುವಿನ ಓರೆ ಅಳತೆ. ಆಳ 100, ಎತ್ತರ 200 ಆದರೆ ಓರೆ 223. ಹಲಗೆ 215, ಹಾಗಾಗಿ ದಾಟುತ್ತದೆ. ಈ ಓರೆಯನ್ನು ಲೆಕ್ಕ ಹಾಕಬೇಕಿಲ್ಲ. ಟೇಪಿನ ತುದಿಯನ್ನು ಹಿಂಗೋಡೆಯ ಬುಡದಲ್ಲಿ ಒಬ್ಬರು ಹಿಡಿದು, ಇನ್ನೊಬ್ಬರು ಬಾಗಿಲಿನ ಮೇಲಂಚಿಗೆ ಎಳೆದರೆ ನೇರವಾಗಿ ಸಿಗುತ್ತದೆ. ತೆಳು ಹಲಗೆಗೆ ಮಾತ್ರ ಈ ಉಪಾಯ. ಹಲವು ಹಲಗೆಗಳನ್ನು ಒಟ್ಟಿಗೆ ಕಟ್ಟಿದ ದಪ್ಪ ಪ್ಯಾಕೆಟ್ ಆದರೆ ಹತ್ತು ಸೆಂಟಿಮೀಟರಾದರೂ ಸಡಿಲ ಬೇಕು.

ಸ್ಲೈಡಿಂಗ್ ವಾರ್ಡ್‌ರೋಬ್ ಕೊಳ್ಳುವವರು ಕದಗಳ ಅಳತೆಯನ್ನು ಕೇಳಿಕೊಳ್ಳಬೇಕು. ಮೂರು ಬಾಗಿಲಿನ ವಾರ್ಡ್‌ರೋಬಿನಲ್ಲಿ ಒಂದೊಂದು ಕದ ಕಿರಿದಾಗಿರುತ್ತದೆ, ಸ್ಲೈಡಿಂಗ್‌ನಲ್ಲಿ ಒಂದೇ ಕದ ಮೂರಡಿ ಅಗಲವೂ ಇರಬಹುದು, ಅದರ ಮೇಲೆ ಕನ್ನಡಿಯೂ ಇರುತ್ತದೆ.

## ಲಿಫ್ಟ್ ಇಲ್ಲ. ಮೆಟ್ಟಿಲಿನಲ್ಲಿ ಯಾವ ಅಳತೆ ಮುಖ್ಯ?

ಮೆಟ್ಟಿಲು ಅರ್ಧ ಮಹಡಿ ಹತ್ತಿ ತಿರುಗುವ ಲ್ಯಾಂಡಿಂಗ್. ನೇರ ಮೆಟ್ಟಿಲಿನಲ್ಲಿ ಹತ್ತಿದ ವಸ್ತು ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಮೊದಲು ಮೆಟ್ಟಿಲಿನ ಅಗಲ. ಕಲ್ಲಿನ ಉದ್ದವನ್ನಲ್ಲ, ಗೋಡೆಯಿಂದ ರೇಲಿಂಗಿನ ಒಳ ಅಂಚಿಗೆ ಅಳೆಯಿರಿ. ಮೂರಡಿ ಮೆಟ್ಟಿಲು ಎಂದದ್ದು ಇಲ್ಲಿ 85ಕ್ಕೆ ಇಳಿಯಬಹುದು. ಆಮೇಲೆ ಲ್ಯಾಂಡಿಂಗಿನ ಆಳ: ಕೊನೆಯ ಮೆಟ್ಟಿಲಿನ ಅಂಚಿನಿಂದ ಎದುರು ಗೋಡೆಗೆ. ನಿಂತ ವಸ್ತುವನ್ನು ಅಲ್ಲಿ ತಿರುಗಿಸದೆ ಪಕ್ಕಕ್ಕೆ ಸರಿಸಿಕೊಂಡು ಮುಂದಿನ ಸಾಲಿಗೆ ಒಯ್ಯುವುದಾದರೆ, ಅದರ ಕಿರಿ ಬದಿ ಮೆಟ್ಟಿಲಿನ ಅಗಲದಲ್ಲಿ ಹಿಡಿಸಬೇಕು, ಉದ್ದ ಬದಿ ಲ್ಯಾಂಡಿಂಗಿನ ಆಳದಲ್ಲಿ ಹಿಡಿಸಬೇಕು. 91 ಅಗಲದ ಫ್ರಿಜ್ ಅಥವಾ ಬೀರುವಿಗೆ 90ರ ಲ್ಯಾಂಡಿಂಗ್ ಸಾಲದು. ಅಂಥಲ್ಲಿ ನುರಿತ ಹಮಾಲರು ವಸ್ತುವನ್ನು ರೇಲಿಂಗಿನ ಮೇಲಕ್ಕೆ ಎತ್ತಿ ತಿರುಗಿಸುತ್ತಾರೆ. ನೂರು ಕೆ.ಜಿ. ತೂಕವನ್ನು ಎದೆಮಟ್ಟಕ್ಕೆ ಎತ್ತುವುದೆಂದರೆ ನಾಲ್ಕು ಜನವೂ ಬೆಲ್ಟೂ ಬೇಕು. ಇಬ್ಬರೇ ಬರುವ ಡೆಲಿವರಿಯಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ, ಅಪಾಯವೂ ಹೌದು.

ತಲೆಯ ಮೇಲಿನ ಜಾಗವನ್ನೂ ನೋಡಿ. ಮೆಟ್ಟಿಲಿನ ಮೂಗಿನಿಂದ ಮೇಲಿನ ಸಾಲಿನ ತಳಕ್ಕೆ ನೇರ ಲಂಬವಾಗಿ ಟೇಪು ಹಿಡಿದು, ಅತಿ ಕಡಿಮೆ ಬಂದ ಜಾಗವನ್ನು ಗುರುತಿಸಿ. ಬೀರುವನ್ನು ಲ್ಯಾಂಡಿಂಗಿನಲ್ಲಿ ಎಬ್ಬಿಸಿ ನಿಲ್ಲಿಸುವಾಗ ಅದರ ಎತ್ತರ 198 ಆದರೂ ಏಳುವ ಗಳಿಗೆಯಲ್ಲಿ ಮೂಲೆ 204ರವರೆಗೆ ಏರುತ್ತದೆ. ಮೇಲೆ ಟ್ಯೂಬ್‌ಲೈಟ್, ಕರೆಂಟ್ ಮೀಟರಿನ ಪೆಟ್ಟಿಗೆ ಇದ್ದರೆ ಅವನ್ನೂ ಲೆಕ್ಕಕ್ಕೆ ಹಿಡಿಯಿರಿ.

## ಕೋಣೆಯೊಳಗೆ ಬಂದ ಮೇಲೆ ವಾರ್ಡ್‌ರೋಬ್ ಎದ್ದು ನಿಲ್ಲುವುದಿಲ್ಲ ಎನ್ನುವುದು ನಿಜವೇ?

ನಿಜ. ಕೆಲವು ವಾರ್ಡ್‌ರೋಬ್‌ಗಳನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ ಆಮೇಲೆ ಎಬ್ಬಿಸುತ್ತಾರೆ. 210 ಎತ್ತರ, 60 ಆಳದ ವಾರ್ಡ್‌ರೋಬ್ ಏಳುವಾಗ ಅದರ ಮೂಲೆ 218ರಷ್ಟು ಎತ್ತರಕ್ಕೆ ಹೋಗಿ ಆಮೇಲೆ 210ಕ್ಕೆ ಇಳಿಯುತ್ತದೆ. ಒಂಬತ್ತೂವರೆ ಅಡಿ ಸೂರಿಗೆ ಇದು ತಾಗುವುದಿಲ್ಲ. ಆದರೆ ನಮ್ಮ ಮಲಗುವ ಕೋಣೆಗಳಲ್ಲಿ ಏಳಡಿ ಎತ್ತರಕ್ಕೆ ಅಟ್ಟ ಇರುತ್ತದೆ, ವಾರ್ಡ್‌ರೋಬಿಗೆ ನಿಗದಿಯಾದ ಜಾಗವೇ ಅದರ ಕೆಳಗೆ. ಅಟ್ಟದ ತಳ 213 ಇದ್ದರೆ 210ರ ವಾರ್ಡ್‌ರೋಬ್ ಅಲ್ಲಿ ನಿಂತೀತು, ಆದರೆ ಅಲ್ಲೇ ಏಳದು. ಕೋಣೆಯ ನಡುವೆ ಎಬ್ಬಿಸಿ, ನಿಂತಂತೆಯೇ ಒಳಗೆ ಸರಿಸಬೇಕು. ಹಾಗೆ ಎಬ್ಬಿಸಲು ಮಂಚ ತೆಗೆದ ನೆಲ ಬೇಕು, ಫ್ಯಾನಿನ ರೆಕ್ಕೆ ನೇರ ಮೇಲಿರಬಾರದು. ಅಟ್ಟದ ತಳವನ್ನು ಎರಡೂ ತುದಿಯಲ್ಲಿ ಅಳೆಯಿರಿ, ಕಾಂಕ್ರೀಟ್ ಅಟ್ಟಗಳು ನಡುವೆ ಅಥವಾ ಒಂದು ತುದಿಗೆ ಸ್ವಲ್ಪ ಇಳಿದಿರುವುದು ಅಪರೂಪವಲ್ಲ.

## ಬಾಲ್ಕನಿಯಿಂದ ಹಗ್ಗ ಕಟ್ಟಿ ಎಳೆದುಕೊಳ್ಳಬಹುದೇ?

ಬಿಡಿ ಮನೆಗಳ ಮೊದಲ ಮಹಡಿಗೆ ಹೀಗೆ ಏರಿಸುವುದನ್ನು ಬೆಂಗಳೂರಿನಲ್ಲಿ ಬೇಕಾದಷ್ಟು ಕಡೆ ನೋಡುತ್ತೇವೆ. ಅದನ್ನು ಅಭ್ಯಾಸವಿರುವ ಕೂಲಿಯವರೇ ಮಾಡಬೇಕು, ಕಂಪನಿಯ ಡೆಲಿವರಿಯಲ್ಲಿ ಅದು ಸೇರಿರುವುದಿಲ್ಲ. ಮೂವತ್ತು-ನಲವತ್ತರ ಸೈಟುಗಳ ಗಲ್ಲಿಗಳಲ್ಲಿ ವಿದ್ಯುತ್ ತಂತಿ ಬಾಲ್ಕನಿಗೆ ತೀರ ಹತ್ತಿರ ಹಾದಿರುತ್ತದೆ. ತಂತಿ ಅಷ್ಟು ಸಮೀಪ ಇದ್ದರೆ, ಸ್ಟೀಲ್ ಬೀರುವನ್ನು ಆ ದಾರಿಯಲ್ಲಿ ಏರಿಸುವ ಆಲೋಚನೆಯನ್ನೇ ಕೈಬಿಡಿ. ತಂತಿ ಇಲ್ಲದಿದ್ದರೂ ಬಾಲ್ಕನಿಗೆ ಗ್ರಿಲ್ ಇದೆಯೇ, ಬಾಲ್ಕನಿಯಿಂದ ಕೋಣೆಗೆ ಇರುವ ಬಾಗಿಲು ಎಷ್ಟು ಅಗಲ ಎಂದು ನೋಡಬೇಕು. ಆ ಬಾಗಿಲು ಎರಡೂವರೆ ಅಡಿಯದ್ದೇ ಆಗಿರುವುದು ಹೆಚ್ಚು.

## ಎಷ್ಟು ಸಡಿಲ ಇದ್ದರೆ ಧೈರ್ಯವಾಗಿ ಆರ್ಡರ್ ಮಾಡಬಹುದು?

ನೇರ ತಳ್ಳಿಕೊಂಡು ಹೋಗುವ ಬಾಗಿಲಿಗೆ ಒಟ್ಟು ಐದು ಸೆಂಟಿಮೀಟರ್. ತಿರುವಿನಲ್ಲಿ, ಲ್ಯಾಂಡಿಂಗಿನಲ್ಲಿ ಹತ್ತರಿಂದ ಹದಿನೈದು, ಏಕೆಂದರೆ ಅಲ್ಲಿ ವಸ್ತುವಿನ ಜೊತೆ ಹಿಡಿದವರ ಕೈಗಳೂ ಹೋಗಬೇಕು. ಎರಡು ಸೆಂಟಿಮೀಟರಿಗಿಂತ ಕಡಿಮೆ ಉಳಿದರೆ ಆಗುವುದಿಲ್ಲ ಎಂದೇ ತಿಳಿಯಿರಿ. ಕಾಗದದಲ್ಲಿ ಹಿಡಿಸಿದ್ದು ನಿಜದಲ್ಲಿ ಬಣ್ಣ ಕೆತ್ತಿಕೊಂಡು, ಅಂಚು ನೆಗ್ಗಿಸಿಕೊಂಡು ಬರುತ್ತದೆ.

## ಅಳತೆಗಳನ್ನು ಅಂಗಡಿಗೆ ಹೇಗೆ ತಿಳಿಸಬೇಕು? ಬಂದದ್ದು ಹಿಡಿಸದಿದ್ದರೆ ಏನು ಮಾಡಬೇಕು?

ಲಿಫ್ಟ್ ಬಾಗಿಲು, ಲ್ಯಾಂಡಿಂಗ್, ಮುಂಬಾಗಿಲು, ಕೊನೆಯ ಬಾಗಿಲು, ಈ ನಾಲ್ಕರ ಮೇಲೆ ಟೇಪು ಹಿಡಿದು ಅಂಕೆ ಕಾಣುವಂತೆ ಫೋಟೋ ತೆಗೆದು ಆರ್ಡರಿಗೆ ಮುಂಚೆಯೇ ವಾಟ್ಸಾಪ್ ಮಾಡಿ. ಜೊತೆಗೆ ಮಹಡಿ ಎಷ್ಟನೆಯದು, ಗಾಡಿ ಎಲ್ಲಿಯವರೆಗೆ ಬರುತ್ತದೆ, ಕಾರ್ಟನ್ ಕೆಳಗೇ ಬಿಚ್ಚಬೇಕೇ ಎಂದು ಬರೆಯಿರಿ. ಲಿಫ್ಟ್ ಇಲ್ಲದ ಕಡೆ ಮಹಡಿ ಹತ್ತಿಸಿ ಕೊಡುತ್ತಾರೆಯೇ, ನೆಲಮಹಡಿಗೇ ಇಳಿಸಿ ಹೋಗುತ್ತಾರೆಯೇ ಎಂಬುದಕ್ಕೂ ಅಂಗಡಿಯವರಿಂದ ಬರಹದ ಉತ್ತರ ಪಡೆಯಿರಿ.

ಹಿಡಿಸದೇ ಹೋದರೆ, ವಸ್ತುವನ್ನು ಸ್ವೀಕರಿಸಿದ್ದೇವೆ ಎಂದು ಸಹಿ ಮಾಡುವ ಅಥವಾ ಒಟಿಪಿ ಹೇಳುವ ಮೊದಲೇ ಅಂಗಡಿಗೆ ಫೋನ್ ಮಾಡಿ. ಒಟಿಪಿ ಕೊಟ್ಟ ಮೇಲೆ ಡೆಲಿವರಿ ಮುಗಿಯಿತೆಂದು ದಾಖಲಾಗುತ್ತದೆ, ಆಮೇಲೆ ವಾಪಸ್ ಕಳಿಸುವುದು ಬಹಳ ಕಷ್ಟ. ಕಾರ್ಟನ್, ಥರ್ಮೋಕೋಲ್ ಬಿಸಾಡದೆ ಇಟ್ಟುಕೊಳ್ಳಿ, ಪ್ಲಗ್ ಹಾಕಬೇಡಿ. ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿನ ಫೋಟೋ ತೆಗೆದು, ಡೆಲಿವರಿಯವರ ಚೀಟಿಯಲ್ಲಿ ವಾಪಸಾತಿಗೆ ಕಾರಣವೇನೆಂದು ಬರೆಸಿ, ಅದರ ಒಂದು ಫೋಟೋವನ್ನೂ ಇಟ್ಟುಕೊಳ್ಳಿ.